ಕಡಲೆ ಹಿಟ್ಟಿಗೆ ಕೆಲಸ, ಅರಿಶಿನಕ್ಕೆ ಹೆಸರು

ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್ ರೀಫ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಕಿಕ್ಕಿರಿದಿರುತ್ತಾರೆ. 2001ರ ಫೆಬ್ರವರಿಯಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಎಷ್ಟೋ ಮನೆಗಳ ಅನ್ನ ಈ ರೈಲಿನಿಂದಲೇ ಬರುತ್ತಿದೆ. ಭಾನುವಾರ ಅಮ್ಮ ಕಲಸಿಕೊಟ್ಟ ಕಡಲೆ ಹಿಟ್ಟು, ಅರಿಶಿನದ ಲೇಪವನ್ನು ಹಚ್ಚಿ ತೊಳೆದವರು ಸೋಮವಾರ ಈ ರೈಲು ಹತ್ತುವಾಗ ಹುಬ್ಬಿನ ಬುಡ, ಕೂದಲಿನ ಅಂಚು, ಚೂಡಿದಾರದ ಕತ್ತಿನ ಪಟ್ಟಿ ಮೂರೂ ಹಳದಿ. ಆಫೀಸಿನಲ್ಲಿ ಯಾರಾದರೂ ‘ಮನೇಲಿ ಫಂಕ್ಷನ್ನಾ?’ ಎಂದು ಕೇಳಿದರೆ ಮುಗಿಯಿತು, ಮುಂದಿನ ಭಾನುವಾರ ಫೇಸ್‌ಪ್ಯಾಕಿನ ಟ್ಯೂಬ್ ಮನೆಗೆ ಬರುತ್ತದೆ. ಅಮ್ಮನ ಲೇಪ ಬಿಟ್ಟು ಅಂಗಡಿಯ ಫೇಸ್‌ಪ್ಯಾಕ್ ಹಿಡಿದವರಲ್ಲಿ ಹೆಚ್ಚಿನವರು ಉರಿಗೋ ಗುಣಕ್ಕೋ ಹೆದರಿ ಬಿಟ್ಟವರಲ್ಲ. ಬಿಡಿಸಿದ್ದು ಕಲೆ.

ಅಮ್ಮಂದಿರ ವಾದ ಬೇರೆ. ಟ್ಯೂಬಿನಲ್ಲಿ ಇರುವುದೆಲ್ಲ ಕೆಮಿಕಲ್, ಅಡುಗೆಮನೆಯಲ್ಲಿ ಇರುವುದೆಲ್ಲ ಸಾತ್ವಿಕ ಎನ್ನುವುದು ಅವರ ನಂಬಿಕೆ. ಎರಡೂ ಕಡೆಯ ಮಾತು ಕೇಳಿ, ಎರಡೂ ಲೇಪಗಳ ಒಳಗೆ ಏನಿದೆ ಎಂದು ನೋಡಿದರೆ ಜಗಳ ಇರಬೇಕಾದ ಜಾಗದಲ್ಲಿ ಇಲ್ಲ ಅನ್ನಿಸುತ್ತದೆ. ಮನೆಯ ಲೇಪದಲ್ಲಿ ಮುಖಕ್ಕೆ ಆಗುವ ಉಪಕಾರದ ಬಹುಪಾಲು ಕಡಲೆ ಹಿಟ್ಟಿನದು. ಹೆಸರು ಮಾತ್ರ ಅರಿಶಿನದ್ದು, ಕಲೆಯೂ ಅದರದ್ದೇ. ಟ್ಯೂಬಿನದೂ ಇದೇ ಕಥೆ. ಕೆಲಸ ಮಾಡುವುದು ಜೇಡಿಮಣ್ಣು, ಮುಖಪುಟದಲ್ಲಿ ಮಿಂಚುವುದು ಅರಿಶಿನದ ಕೊಂಬಿನ ಚಿತ್ರ.

ಮೊದಲು ಹಳೆಯ ಪದ್ಧತಿಯನ್ನು ನೋಡೋಣ, ಏಕೆಂದರೆ ಈಗ ನಾವು ‘ಅಜ್ಜಿ ಕಾಲದ್ದು’ ಎಂದು ಹಚ್ಚುವ ಲೇಪ ನಿಜವಾಗಿ ಅಜ್ಜಿ ಕಾಲದ್ದಲ್ಲ. ಕೆಜಿಎಫ್‌ನ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರು ಮನೆಗಳಿದ್ದರೆ ಮೂರರಲ್ಲೂ ಸ್ನಾನದ ಪುಡಿ ಇರುತ್ತಿತ್ತು. ತಮಿಳರದು ನಲಂಗು ಮಾವು, ತೆಲುಗರದು ಸುನ್ನಿ ಪಿಂಡಿ, ಕನ್ನಡದ ಮನೆಯಲ್ಲಿ ಕಡಲೆ ಹಿಟ್ಟು ಅಥವಾ ಹೆಸರು ಹಿಟ್ಟು. ಮೂರು ಮನೆಯಲ್ಲೂ ಕ್ರಮ ಒಂದೇ. ಮೊದಲು ಮೈಗೆ, ಮುಖಕ್ಕೆ ಎಣ್ಣೆ. ಮದುವೆ ಮನೆಯಲ್ಲಾದರೆ ಎಣ್ಣೆಯ ಜೊತೆ ಅರಿಶಿನ. ಅದು ಮೈಯಲ್ಲಿ ಸ್ವಲ್ಪ ಹೊತ್ತು ನೆಂದ ಮೇಲೆ ಹಿಟ್ಟನ್ನು ನೀರಲ್ಲಿ ಕಲಸಿ ಉಜ್ಜಿ, ಆ ಎಣ್ಣೆಯನ್ನು ತೆಗೆದು, ಬಿಸಿನೀರು ಹುಯ್ದುಕೊಳ್ಳುವುದು. ಹಿಟ್ಟು ಅಲ್ಲಿ ಸಾಬೂನಿನ ಜಾಗದಲ್ಲಿತ್ತು. ಅದನ್ನು ಮುಖದ ಮೇಲೆ ಒಣಗಿಸಿ, ಬಿರುಕು ಬಿಡುವವರೆಗೆ ಫ್ಯಾನಿನ ಕೆಳಗೆ ಕೂರುವ ಪದ್ಧತಿ ಇರಲಿಲ್ಲ. ಅದು ಬ್ಯೂಟಿ ಪಾರ್ಲರ್‌ಗಳು ಬಂದ ಮೇಲೆ ಅಲ್ಲಿನ ಮಣ್ಣಿನ ಲೇಪಗಳನ್ನು ನೋಡಿ ಅಡುಗೆಮನೆ ಕಲಿತದ್ದು.

ಈ ವ್ಯತ್ಯಾಸ ಸಣ್ಣದಲ್ಲ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು, ಆದರೆ ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಎಣ್ಣೆ ಹಚ್ಚಿದ ಮೈಯಲ್ಲಿ ಅದು ಎಣ್ಣೆಯೊಳಗೇ ತೇಲುತ್ತಿದ್ದು, ಹಿಟ್ಟು ಆ ಎಣ್ಣೆಯನ್ನು ಹೀರಿಕೊಂಡು ಹೋಗುವಾಗ ಬಣ್ಣದ ಬಹುಭಾಗವೂ ಅದರೊಂದಿಗೆ ಹೋಗುತ್ತದೆ. ಈಗಿನ ಲೇಪದಲ್ಲಿ ಎಣ್ಣೆ ಇಲ್ಲ. ಮೊಸರೋ ರೋಸ್ ವಾಟರೋ ಹಾಕಿ ಕಲಸಿ ಬರಿ ಮುಖಕ್ಕೆ ಬಳಿಯುತ್ತೇವೆ. ಆಗ ಕರ್ಕ್ಯುಮಿನ್‌ಗೆ ಸಿಗುವ ಮುಖ್ಯ ಜಿಡ್ಡು ನಮ್ಮ ಚರ್ಮದ್ದು. ಅದು ಅಲ್ಲೇ ಹೋಗಿ ಕೂರುತ್ತದೆ. ಹಣೆಯ ಮೇಲ್ಭಾಗ, ಮೂಗಿನ ಪಕ್ಕ, ಹುಬ್ಬಿನ ಕೂದಲು ಇಲ್ಲೆಲ್ಲ ಹಳದಿ ಹೆಚ್ಚು ನಿಲ್ಲುವುದು ಜಿಡ್ಡು ಹೆಚ್ಚಿರುವುದರಿಂದ.

ಪ್ರಮಾಣದ ಲೆಕ್ಕ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಊಟದ ಚಮಚ ಕಡಲೆ ಹಿಟ್ಟು ಸುಮಾರು 8 ಗ್ರಾಂ ತೂಗುತ್ತದೆ. ಮುಖಕ್ಕೂ ಕತ್ತಿಗೂ ಇಷ್ಟು ಸಾಕು. ಇದಕ್ಕೆ ಹೆಚ್ಚಿನವರು ಅರ್ಧ ಟೀ ಚಮಚ ಅರಿಶಿನ ಹಾಕುತ್ತಾರೆ, ಅಂದರೆ ಒಂದೂವರೆ ಗ್ರಾಂ. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ 2ರಿಂದ 5 ಭಾಗ ಇರುತ್ತದೆ. 3 ಎಂದು ಹಿಡಿದರೆ ಮುಖದ ಮೇಲೆ 45 ಮಿಲಿಗ್ರಾಂ ಬಣ್ಣ ಬಿತ್ತು. ಬಟ್ಟೆಗೆ ಬಣ್ಣ ಹಾಕುವವನಿಗೂ ಇದು ಕಡಿಮೆಯಲ್ಲ. ಅದೇ ಹಿಟ್ಟಿಗೆ ಹೆಬ್ಬೆರಳು, ತೋರುಬೆರಳಿನ ನಡುವೆ ಸಿಗುವ ಒಂದು ಚಿಟಿಕೆ ಮಾತ್ರ ಹಾಕಿದರೆ 0.2 ಗ್ರಾಂ ಅರಿಶಿನ, 6 ಮಿಲಿಗ್ರಾಂ ಬಣ್ಣ. ಏಳೆಂಟು ಪಟ್ಟು ಕಡಿಮೆ. ಅನುಮಾನ ಇದ್ದವರು ಒಂದು ಕೈಯ ಒಳಮಗ್ಗುಲಿಗೆ ಅರ್ಧ ಚಮಚದ ಲೇಪ, ಇನ್ನೊಂದಕ್ಕೆ ಚಿಟಿಕೆಯ ಲೇಪ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದು ನೋಡಬಹುದು. ಮೊದಲನೆಯದು ಮರುದಿನವೂ ಇರುತ್ತದೆ. ಎರಡನೆಯದು ಒರೆಸಿದ ಟವೆಲ್ಲಿಗೆ ಹೋಗಿ ಮುಗಿಯುತ್ತದೆ.

ಉಳಿದ ಹಳದಿಯನ್ನು ತೆಗೆಯುವಾಗ ನಾವು ಮಾಡುವುದು ಇನ್ನೊಂದು ಎಡವಟ್ಟು. ಸಾಬೂನು ಹಾಕಿ ತಿಕ್ಕುತ್ತೇವೆ. ಆರತಿ ತಟ್ಟೆಯ ನೀರಿಗೆ ಅರಿಶಿನ ಹಾಕಿ ಒಂದಿಷ್ಟು ಸುಣ್ಣ ಕದಡಿದರೆ ಕೆಂಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಕ್ಷಾರ ತಗುಲಿದರೆ ಕರ್ಕ್ಯುಮಿನ್ ಕೆಂಪಾಗುತ್ತದೆ. ಬಾರ್ ಸಾಬೂನೂ ಕ್ಷಾರವೇ, ಅದರ ಪಿಎಚ್ 9ರಿಂದ 10ರವರೆಗೆ ಇರುತ್ತದೆ. ಹಾಗಾಗಿ ಸಾಬೂನು ತಗುಲಿದ ಮುಖ, ಟವೆಲ್ಲು ಎರಡೂ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತವೆ. ಮುಖ ಸುಟ್ಟಿತು ಎಂದು ಗಾಬರಿಯಾದವರೂ ಉಂಟು. ಅದು ಸುಟ್ಟದ್ದಲ್ಲ, ನೀರು ಚೆನ್ನಾಗಿ ಹಾಕಿದರೆ ಮತ್ತೆ ಹಳದಿಗೇ ಬರುತ್ತದೆ. ಆದರೆ ತಿಕ್ಕಿದ ಪೆಟ್ಟು ಮಾತ್ರ ನಿಜ. ನಮ್ಮ ಕಂದು ಚರ್ಮಕ್ಕೆ ಎಲ್ಲಿ ಉಜ್ಜಾಟ, ಉರಿಯೂತ ಆಯಿತೋ ಅಲ್ಲಿ ಆಮೇಲೆ ಕಪ್ಪು ನಿಲ್ಲುವ ಗುಣವಿದೆ. ಕಲೆ ತೆಗೆಯಲು ಹೋಗಿ ತಿಂಗಳುಗಟ್ಟಲೆ ಇರುವ ಕಪ್ಪನ್ನು ತಂದುಕೊಂಡಂತೆ ಆಗುತ್ತದೆ.

ಕಲೆ ತೆಗೆಯಲು ಸುಲಭದ ದಾರಿ ಎಣ್ಣೆಯೇ. ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನೋ ಹಾಲಿನ ಕೆನೆಯನ್ನೋ ಹಳದಿಯ ಮೇಲೆ ಸವರಿ, ಎರಡು ನಿಮಿಷ ಬಿಟ್ಟು, ಹತ್ತಿಯಿಂದ ಒತ್ತಿ ತೆಗೆಯಿರಿ. ಹತ್ತಿಗೆ ಬಣ್ಣ ಬರುವುದು ಕಾಣುತ್ತದೆ. ಆಮೇಲೆ ಬರಿ ಕಡಲೆ ಹಿಟ್ಟು ಹಾಕಿ ಜಿಡ್ಡು ತೊಳೆದರೆ ಆಯಿತು, ಅಜ್ಜಿಯ ಕ್ರಮವನ್ನೇ ತಡವಾಗಿ ಮಾಡಿದಂತೆ. ಇಷ್ಟಾದ ಮೇಲೂ ಉಳಿದದ್ದು ಚರ್ಮದ ಮೇಲ್ಪದರದ ಸತ್ತ ಕೋಶಗಳಲ್ಲಿರುತ್ತದೆ. ಅವು ದಿನವೂ ಉದುರುವುದರಿಂದ ಎರಡು ಮೂರು ದಿನಕ್ಕೆ ತಾನಾಗಿ ಹೋಗುತ್ತದೆ. ಟವೆಲ್ಲನ್ನು ಒಗೆದು ಬಿಸಿಲಿಗೆ ಹಾಕಿ, ಬೆಳಕಿಗೆ ಕರ್ಕ್ಯುಮಿನ್ ಒಡೆಯುತ್ತದೆ. ಮುಖವನ್ನು ಮಾತ್ರ ಅದಕ್ಕೆಂದು ಬಿಸಿಲಿಗೆ ಒಡ್ಡಬೇಡಿ.

ಕಲೆಯ ಭಯಕ್ಕೆ ಮನೆಯಲ್ಲೇ ಇರುವ ಇನ್ನೊಂದು ಉತ್ತರ ಕಸ್ತೂರಿ ಅರಿಶಿನ. ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಗ್ರಂಧಿಗೆ ಅಂಗಡಿಯಲ್ಲಿ ಮುಖಕ್ಕೆ ಅರಿಶಿನ ಕೇಳಿದರೆ ‘ಕಸ್ತೂರಿ ಕೊಡಲಾ ಅಕ್ಕಾ, ಮಾಮೂಲಿನದಾ?’ ಎಂದು ಕೇಳುತ್ತಾರೆ. ಎರಡೂ ಬೇರೆ ಬೇರೆ ಗಿಡ. ಅಡುಗೆಯದು ಕುರ್ಕುಮಾ ಲಾಂಗಾ, ಕಸ್ತೂರಿಯದು ಕುರ್ಕುಮಾ ಅರೋಮ್ಯಾಟಿಕಾ. ನಿಜವಾದ ಕಸ್ತೂರಿಯ ಗೆಡ್ಡೆ ಒಳಗೆ ಮಾಸಲು ಕೆನೆ ಬಣ್ಣ, ಕರ್ಪೂರದಂಥ ವಾಸನೆ, ಕರ್ಕ್ಯುಮಿನ್ ಬಹಳ ಕಡಿಮೆ. ಆದ್ದರಿಂದ ಮುಖಕ್ಕೆ ಹತ್ತುವುದಿಲ್ಲ. ತೊಂದರೆ ಏನೆಂದರೆ ಕಸ್ತೂರಿ ಎಂಬ ಹೆಸರಿನಲ್ಲಿ ಬೇರೆ ಜಾತಿಯ ಹಳದಿ ಗೆಡ್ಡೆಗಳ ಪುಡಿಯೂ ಮಾರಾಟವಾಗುತ್ತದೆ. ಪೊಟ್ಟಣ ಬಿಚ್ಚಿದ ಕೂಡಲೇ ಕಡು ಹಳದಿ ಕಂಡರೆ ಅದು ಕಸ್ತೂರಿಯಲ್ಲ. ಪುಡಿಗಿಂತ ಗೆಡ್ಡೆ ಕೊಂಡು, ಒಂದನ್ನು ಮುರಿದು ನೋಡಿ, ಮನೆಯಲ್ಲೇ ಕುಟ್ಟಿಕೊಳ್ಳುವುದು ಒಳ್ಳೆಯದು.

ಕುಟ್ಟಿಕೊಳ್ಳಿ ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಉರಿಯ ವಿಚಾರಕ್ಕೆ ಬಂದರೆ ಮನೆಯ ಲೇಪ ಹಚ್ಚಿ ಮುಖ ಉರಿಯಿತು ಎನ್ನುವವರು ಮೊದಲು ಅರಿಶಿನದ ಮೇಲೆ ಅನುಮಾನ ಪಡುತ್ತಾರೆ. ನಾನು ಮೊದಲು ಕೇಳುವುದು, ಪುಡಿ ಎಲ್ಲಿ ಮಾಡಿಸಿದಿರಿ ಎಂದು. ಊರಿನ ಗಿರಣಿಯಲ್ಲಿ ಕಡಲೆಬೇಳೆ ಹಿಟ್ಟಿನ ಯಂತ್ರಕ್ಕೆ ಹೋಗುತ್ತದೆ. ಅರಿಶಿನದ ಕೊಂಬು ಗಟ್ಟಿ, ಹಾಗಾಗಿ ಅದು ಹೋಗುವುದು ಮಸಾಲೆ ಯಂತ್ರಕ್ಕೆ. ಅದೇ ಯಂತ್ರದಲ್ಲಿ ನಿಮಗಿಂತ ಮುಂಚೆ ಯಾರೋ ಒಣಮೆಣಸಿನಕಾಯಿ ಹಾಕಿಸಿರುತ್ತಾರೆ. ಯಂತ್ರದ ಬಾಯಲ್ಲಿ ಉಳಿದ ಒಂದು ಹಿಡಿ ಕಾರದ ಪುಡಿ ನಿಮ್ಮ ಅರಿಶಿನಕ್ಕೆ ಸೇರುತ್ತದೆ. ಸಾರಿಗೆ ಹಾಕಿದರೆ ಗೊತ್ತಾಗುವುದಿಲ್ಲ, ಕೆನ್ನೆಗೆ ಹಚ್ಚಿದರೆ ಗೊತ್ತಾಗುತ್ತದೆ. ಹಚ್ಚಿದ ಒಂದೆರಡು ನಿಮಿಷದಲ್ಲೇ ಉರಿ ಏರುತ್ತಾ ಹೋಗಿ, ತೊಳೆದ ಮೇಲೂ ಅರ್ಧ ಗಂಟೆ ಬಿಸಿಬಿಸಿ ಅನ್ನಿಸಿ, ಸಂಜೆಗೆ ಏನೂ ಇಲ್ಲದಂತಾದರೆ ಮೆಣಸಿನಕಾಯಿಯನ್ನೇ ಹಿಡಿಯಿರಿ.

ಎರಡನೆಯ ಆರೋಪಿ ನಿಂಬೆಹಣ್ಣು. ಅದರ ರಸದ ಪಿಎಚ್ 2ರ ಸುಮಾರು, ನಮ್ಮ ಚರ್ಮದ್ದು 5ರ ಆಸುಪಾಸು. ಲೇಪಕ್ಕೆ ಅರ್ಧ ಹೋಳು ಹಿಂಡುವುದೆಂದರೆ ಚರ್ಮ ಒಪ್ಪುವುದಕ್ಕಿಂತ ನೂರಾರು ಪಟ್ಟು ಹುಳಿಯನ್ನು ಹಚ್ಚುವುದು. ಜೊತೆಗೆ ನಿಂಬೆ ಜಾತಿಯ ಹಣ್ಣುಗಳಲ್ಲಿ ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುವ ಅಂಶಗಳಿವೆ. ಆಮೇಲೆ ಅಲ್ಲಿ ಕಪ್ಪು ಪಟ್ಟೆ ಬೀಳುತ್ತದೆ. ಅಡುಗೆ ಸೋಡಾ ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು, ಕ್ಷಾರ. ಎರಡನ್ನೂ ಒಟ್ಟಿಗೆ ಹಾಕಿ ನೊರೆ ಬಂದದ್ದನ್ನು ಶಕ್ತಿ ಎಂದು ತಿಳಿಯುವವರಿಗೆ ಏನು ಹೇಳುವುದೋ ಗೊತ್ತಿಲ್ಲ. ಹುಳಿ ಬೇಕೇ ಬೇಕು ಎಂದರೆ ಮೊಸರು ಇದೆ. ಅದರ ಹುಳಿ ಸೌಮ್ಯ.

ಮೂರನೆಯದು ಹೊತ್ತು. ಲೇಪ ಒಣಗುತ್ತಾ ಹೋದ ಹಾಗೆ ಹಿಟ್ಟು ಚರ್ಮದ ಮೇಲ್ಪದರದ ನೀರನ್ನೂ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ‘ಮುಖ ಬಿಗೀತಾ ಇದೆ, ಕೆಲಸ ಮಾಡ್ತಾ ಇದೆ’ ಎಂದು ಸಂತೋಷಪಡುವುದು ಈ ಹೊತ್ತಿನಲ್ಲೇ. ಬಿಗಿಯುವುದು ಹಿಟ್ಟು ಕುಗ್ಗುವುದರಿಂದ, ಅದಕ್ಕಿಂತ ಹೆಚ್ಚಿನ ಮಹಿಮೆ ಅದರಲ್ಲಿಲ್ಲ. ಕೋಲಾರದ ಒಣ ಹವೆಯಲ್ಲಿ, ಅದರಲ್ಲೂ ಸಂಕ್ರಾಂತಿಯಿಂದ ಯುಗಾದಿಯ ಕಡೆಗೆ, ಇದು ಬೇಗ ಅತಿಯಾಗುತ್ತದೆ. ಅಂಚುಗಳು ಬಣ್ಣ ತಿಳಿಯಾಗಿ ನಡುಭಾಗ ಇನ್ನೂ ಹಸಿಯಾಗಿರುವಾಗಲೇ, ಅಂದರೆ ಎಂಟು ಹತ್ತು ನಿಮಿಷಕ್ಕೆ ತೊಳೆಯಬೇಕು. ಒಣಗಿ ಗಟ್ಟಿಯಾದ ಹಿಟ್ಟನ್ನು ಕೈಯಲ್ಲಿ ಉಜ್ಜಿ ಉದುರಿಸಿದರೆ ಅದರ ತರಿಯೇ ಮರಳು ಕಾಗದ. ಮೊದಲು ನೀರು ಚಿಮುಕಿಸಿ ನೆನೆಸಿ, ಆಮೇಲೆ ತೊಳೆಯಿರಿ.

ಇನ್ನು ನಿಜವಾದ ಅಲರ್ಜಿ. ಅರಿಶಿನಕ್ಕೂ ಅಲರ್ಜಿ ಬರುತ್ತದೆ, ಅಪರೂಪ ಅಷ್ಟೆ. ಕುಂಕುಮ ಇಡುವ ಜಾಗದಲ್ಲಿ ತುರಿಕೆ, ಕಪ್ಪು ಆಗುವವರ ವಿಷಯ ಚರ್ಮವೈದ್ಯರಿಗೆ ಹಳೆಯದು. ಅಲ್ಲಿ ಬಣ್ಣದ ರಾಸಾಯನಿಕಗಳ ಜೊತೆ ಅರಿಶಿನವೂ ಕಾರಣವಾಗಿರಬಹುದು. ಅಲರ್ಜಿಯನ್ನು ಮಾಮೂಲು ಉರಿಯಿಂದ ಗುರುತಿಸುವ ಬಗೆ ಹೀಗೆ. ಉರಿಯಾದರೆ ಹಚ್ಚಿದಾಗಲೇ ಬರುತ್ತದೆ, ಹಚ್ಚಿದ ಜಾಗದಲ್ಲಷ್ಟೇ ಇರುತ್ತದೆ, ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಅಲರ್ಜಿ ಒಂದೆರಡು ದಿನ ಬಿಟ್ಟು ಬರುತ್ತದೆ, ಉರಿಗಿಂತ ತುರಿಕೆ ಹೆಚ್ಚು, ಹಚ್ಚದೇ ಇದ್ದ ರೆಪ್ಪೆಯೂ ಊದಿಕೊಳ್ಳಬಹುದು, ಪ್ರತಿ ಸಲ ಹಚ್ಚಿದಾಗಲೂ ಹಿಂದಿನದಕ್ಕಿಂತ ಜೋರಾಗಬಹುದು. ಕೆಲವರಿಗೆ ಕೆಂಪೂ ಇಲ್ಲದೆ, ತುರಿಕೆಯೂ ಇಲ್ಲದೆ ಕೆನ್ನೆಯ ಪಕ್ಕ ಬೂದು ಕಪ್ಪು ಮಾತ್ರ ನಿಧಾನವಾಗಿ ಹರಡುತ್ತದೆ. ಅವರು ‘ಕಪ್ಪಾಯ್ತಲ್ಲ’ ಎಂದು ಇನ್ನಷ್ಟು ಅರಿಶಿನ ಹಚ್ಚುತ್ತಾರೆ.

ಕಡಲೆ ಹಿಟ್ಟೂ ಪೂರ್ತಿ ನಿರಪರಾಧಿಯಲ್ಲ. ಕಡಲೆ ತಿಂದರೆ ಆಗದವರು ನಮ್ಮಲ್ಲಿ ಇದ್ದಾರೆ, ಅವರು ಹಚ್ಚಲೂಬಾರದು. ಇಸುಬು ಇರುವ, ಚರ್ಮ ಬಿರಿದಿರುವ ಮಕ್ಕಳಿಗೆ ಕಾಳಿನ ಹಿಟ್ಟು ಉಜ್ಜುವುದರ ಬಗ್ಗೆ ನನಗೆ ಅಂಜಿಕೆಯಿದೆ, ಏಕೆಂದರೆ ಒಡೆದ ಚರ್ಮದ ಮೂಲಕ ಒಳಹೋದ ಆಹಾರದ ಪ್ರೋಟೀನ್ ದೇಹವನ್ನು ಅಲರ್ಜಿಗೆ ಸಿದ್ಧಮಾಡಬಲ್ಲದು. ಇದಕ್ಕೆ ಜಪಾನಿನಲ್ಲಿ ದೊಡ್ಡ ಸಾಕ್ಷಿ ಸಿಕ್ಕಿತು. ಅಲ್ಲಿ ಗೋಧಿಯ ಪ್ರೋಟೀನನ್ನು ಸಣ್ಣದಾಗಿ ಒಡೆದು ಸೇರಿಸಿದ್ದ ಒಂದು ಮುಖದ ಸಾಬೂನು ಬಹಳ ಜನಪ್ರಿಯವಾಗಿತ್ತು. ಅದನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿಂದರೆ ಆಗದ ಅಲರ್ಜಿ ಬಂತು. 2011ರಲ್ಲಿ ಆ ಸಾಬೂನನ್ನು ಹಿಂದಕ್ಕೆ ಪಡೆಯಲಾಯಿತು. ಕಡಲೆ ಹಿಟ್ಟು ಆ ರೀತಿ ಸಂಸ್ಕರಿಸಿದ್ದಲ್ಲ, ತಲೆಮಾರುಗಳಿಂದ ಹಚ್ಚಿದ್ದೇವೆ, ಗಟ್ಟಿ ಚರ್ಮಕ್ಕೆ ಭಯವಿಲ್ಲ. ಆದರೆ ‘ತಿನ್ನುವ ವಸ್ತು, ಹಚ್ಚಿದರೆ ಏನಾಗುತ್ತದೆ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಕಲಬೆರಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಿಡಿ ಅರಿಶಿನಪುಡಿಗೆ ಮೆಟಾನಿಲ್ ಎಲ್ಲೋ ಎಂಬ ಬಣ್ಣ, ಕೊಂಬಿಗೆ ಹೊಳಪು ಕೊಡಲು ಸೀಸದ ಕ್ರೋಮೇಟ್, ಕಡಲೆ ಹಿಟ್ಟಿಗೆ ಬಟಾಣಿ ಹಿಟ್ಟು ಸೇರಿಸುವುದು ದೇಶಕ್ಕೆಲ್ಲ ಗೊತ್ತಿರುವ ದಂಧೆ. ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿಕೊಡುವ ಸುಲಭದ ಪರೀಕ್ಷೆ ಒಂದಿದೆ. ಗಾಜಿನ ಲೋಟದ ನೀರಿಗೆ ಒಂದು ಚಮಚ ಅರಿಶಿನಪುಡಿ ಹಾಕಿ ಕದಡದೆ ಬಿಡಿ. ಒಳ್ಳೆಯ ಅರಿಶಿನ ತಿಳಿ ಹಳದಿ ಬಿಡುತ್ತಾ ತಳಕ್ಕೆ ಇಳಿಯುತ್ತದೆ, ಬಣ್ಣ ಹಾಕಿದ್ದಾದರೆ ಇಳಿಯುವಾಗಲೇ ನೀರು ಕಡು ಹಳದಿಯಾಗುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗದು ಎಂದು ಮೇಲೆ ಹೇಳಿದ್ದೇ ಈ ಪರೀಕ್ಷೆಯ ಒಳಗುಟ್ಟು.

ಈಗ ಟ್ಯೂಬಿನ ಕಡೆ ಬರೋಣ. ಅದರ ಹಿಂಬದಿಯ ಸಣ್ಣ ಅಕ್ಷರದ ಪಟ್ಟಿಯನ್ನು ಓದುವುದು ಒಂದು ಸಲ ಅಭ್ಯಾಸವಾದರೆ ಜಾಹೀರಾತು ನೋಡುವ ಕೆಲಸವೇ ಇಲ್ಲ. ಯಾವುದು ಹೆಚ್ಚಿದೆಯೋ ಅದು ಮೊದಲು ಎಂಬ ಕ್ರಮದಲ್ಲಿ ಆ ಪಟ್ಟಿ ಇರುತ್ತದೆ. ಮೊದಲ ಸಾಲಿನಲ್ಲಿ ನೀರು, ಕಯೋಲಿನ್ ಅಥವಾ ಬೆಂಟೊನೈಟ್ ಎಂಬ ಜೇಡಿಮಣ್ಣು, ಗ್ಲಿಸರಿನ್. ಅರಿಶಿನದ ಸಾರ ಬಹುತೇಕ ಕೆಳಗೆಲ್ಲೋ, ಸುಗಂಧದ ಅಕ್ಕಪಕ್ಕದಲ್ಲಿ ಸಿಗುತ್ತದೆ. ಕೊನೆಗೆ ಸಿಐ ಎಂದು ಶುರುವಾಗುವ ಐದಂಕಿಯ ಸಂಖ್ಯೆ ಇದ್ದರೆ ಅದು ಬಣ್ಣ. 19140 ಎಂದಿದ್ದರೆ ಟಾರ್ಟ್ರಜಿನ್, ಮಿಠಾಯಿಗೆ ಹಾಕುವ ಹಳದಿ. ಟ್ಯೂಬಿನ ಲೇಪ ಮುಖಕ್ಕೆ ಏಕೆ ಹತ್ತುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದರಲ್ಲಿ ಹತ್ತುವಷ್ಟು ಕರ್ಕ್ಯುಮಿನ್ ಇಲ್ಲ, ಅಥವಾ ಬಣ್ಣವಿಲ್ಲದ ಟೆಟ್ರಾಹೈಡ್ರೊ ಕರ್ಕ್ಯುಮಿನ್ ಹಾಕಿರುತ್ತಾರೆ. ಮನೆಯಲ್ಲೇ ಅಂದಾಜು ಮಾಡಬೇಕೆಂದರೆ ಬಿಳಿ ತಟ್ಟೆಯ ಮೇಲೆ ಒಂದು ಹನಿ ಲೇಪವನ್ನು ತೆಳ್ಳಗೆ ಸವರಿ, ಬಟ್ಟೆ ಸಾಬೂನಿನ ದಪ್ಪ ನೊರೆ ತಾಗಿಸಿ. ಹಳದಿ ಕೆಂಪು ಮಿಶ್ರಿತ ಕಂದಾದರೆ ಅರಿಶಿನದ ಬಣ್ಣ ಇದೆ, ಹಳದಿ ಹಾಗೇ ಉಳಿದರೆ ಬೇರೆ ಬಣ್ಣದ ಕೈವಾಡ.

ಕಲೆಯ ಲೆಕ್ಕದಲ್ಲಿ ಟ್ಯೂಬ್ ಗೆದ್ದಿತು. ಉರಿ, ತುರಿಕೆಯ ಲೆಕ್ಕ ಅಷ್ಟು ಸರಳವಲ್ಲ. ನೀರು ಇರುವ ಯಾವುದೇ ಲೇಪ ತಿಂಗಳುಗಟ್ಟಲೆ ಕೆಡದೆ ಇರಬೇಕೆಂದರೆ ಸಂರಕ್ಷಕ ಬೇಕೇ ಬೇಕು. ಇದರಲ್ಲಿ ದೂರುವಂಥದ್ದೇನೂ ಇಲ್ಲ. ಕಲಸಿದ ಕಡಲೆ ಹಿಟ್ಟನ್ನು ಹೊರಗೆ ಒಂದು ರಾತ್ರಿ ಇಟ್ಟು ಮೂಸಿ ನೋಡಿದರೆ ಸಂರಕ್ಷಕ ಏಕೆ ಎಂಬುದು ತಿಳಿಯುತ್ತದೆ. ಸಂರಕ್ಷಕಗಳಲ್ಲಿ ತಂಟೆಯದು ಮೀಥೈಲ್ ಐಸೊಥಯಜೊಲಿನೋನ್. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು, ಆಮೇಲೆ ಯೂರೋಪಿನಲ್ಲಿ ಹಚ್ಚಿ ಬಿಡುವ ಕ್ರೀಮುಗಳಲ್ಲಿ ಅದನ್ನು ನಿಷೇಧಿಸಿದರು. ಇದಕ್ಕಿಂತಲೂ ಹೆಚ್ಚು ಜನರನ್ನು ಕಾಡುವುದು ಸುಗಂಧ. ಪಟ್ಟಿಯಲ್ಲಿ ಪರ್ಫ್ಯೂಮ್, ಫ್ರೇಗ್ರೆನ್ಸ್ ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳಿರಬಹುದು. ಶ್ರೀಗಂಧ, ಗುಲಾಬಿ ಎಂದು ಮೂಗಿಗೆ ಬಡಿಯುವ ಲೇಪ ಅಡುಗೆಮನೆಯ ಚಿಟಿಕೆ ಅರಿಶಿನಕ್ಕಿಂತ ಅಲರ್ಜಿ ತರುವ ಸಂಭವ ಹೆಚ್ಚು. ಒಣಗಿದ ಮೇಲೆ ಸಿಪ್ಪೆಯಂತೆ ಕೀಳುವ ಬಗೆಯದಂತೂ ಲೇಪವಲ್ಲ, ಅಂಟು. ರೋಮವನ್ನೂ ಮೇಲ್ಪದರವನ್ನೂ ಕಿತ್ತುಕೊಂಡು ಬರುತ್ತದೆ.

‘ಆಯುರ್ವೇದಿಕ್’ ಎಂದು ಬರೆದಿದ್ದರೆ ನಿಶ್ಚಿಂತೆ ಎಂದು ತಿಳಿಯುವವರಿಗೆ ಒಂದು ಮಾತು. ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರುವ ಎರಡು ಅರಿಶಿನದ ಟ್ಯೂಬುಗಳಲ್ಲಿ ಒಂದು ಸೌಂದರ್ಯವರ್ಧಕ, ಇನ್ನೊಂದು ಆಯುರ್ವೇದ ಔಷಧ ಎಂಬ ಪರವಾನಗಿ ಪಡೆದಿರಬಹುದು. ವಿಕೋ ಕಂಪನಿಯ ಅರಿಶಿನದ ಕ್ರೀಮು ಸೌಂದರ್ಯವರ್ಧಕವೋ ಔಷಧವೋ ಎಂಬ ವ್ಯಾಜ್ಯ ಅಬಕಾರಿ ಸುಂಕದ ಕಾರಣಕ್ಕೆ ವರ್ಷಗಟ್ಟಲೆ ನಡೆದದ್ದು ಪ್ರಸಿದ್ಧ. ಪರವಾನಗಿಯ ಹೆಸರು ಸುಂಕದವರಿಗೆ ಮುಖ್ಯ. ನಿಮ್ಮ ಕೆನ್ನೆಗೆ ಮುಖ್ಯವಾದದ್ದು ಅದರಲ್ಲಿ ಸುಗಂಧ ಎಷ್ಟಿದೆ ಎಂಬುದು.

ನಮ್ಮ ಊರಿನ ಮಟ್ಟಿಗೆ ಕಡಲೆ ಹಿಟ್ಟಿಗೆ ಒಂದು ವಿಶೇಷ ಅನುಕೂಲವಿದೆ, ಅದು ನೀರಿನದು. ಕೆಜಿಎಫ್, ಬಂಗಾರಪೇಟೆಯ ಕೊಳವೆಬಾವಿಗಳ ಗಡಸು ನೀರು ಕುಡಿಯುವವರಿಗೂ ಗೊತ್ತು, ಗೀಸರ್ ರಿಪೇರಿ ಮಾಡುವವರಿಗೂ ಗೊತ್ತು. ಗಡಸು ನೀರಿನ ಸುಣ್ಣದಂಶ ಸಾಬೂನಿನೊಂದಿಗೆ ಸೇರಿ ಕರಗದ ಜಿಡ್ಡುಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಅದೇ ಬಿಳಿ ಪದರ ಮುಖದ ಮೇಲೂ ತೆಳುವಾಗಿ ಉಳಿದು ತುರಿಕೆ, ಒಣಕಲು ತರುತ್ತದೆ. ಇಂಗ್ಲೆಂಡಿನ ಸಂಶೋಧಕರು 2018ರಲ್ಲಿ ತೋರಿಸಿದ್ದೂ ಇದನ್ನೇ. ಗಡಸು ನೀರಿನಲ್ಲಿ ತೊಳೆದ ಚರ್ಮದ ಮೇಲೆ ಮಾರ್ಜಕದ ಅಂಶ ಹೆಚ್ಚು ಉಳಿಯುತ್ತದೆ, ಇಸುಬಿನ ಪ್ರವೃತ್ತಿಯವರಿಗೆ ಅದು ಹೆಚ್ಚು ಕಾಡುತ್ತದೆ. ಕಡಲೆ ಹಿಟ್ಟಿನಲ್ಲಿ ಸಾಬೂನು ಇಲ್ಲ. ಅದು ಜಿಡ್ಡನ್ನು ಪಿಷ್ಟದಲ್ಲಿ ಹೀರಿಕೊಂಡು, ತನ್ನಲ್ಲಿರುವ ಸ್ವಲ್ಪ ಸಪೋನಿನ್‌ನಿಂದ ಸಡಿಲಗೊಳಿಸಿ, ನೀರಿನ ಜೊತೆ ಹೋಗುತ್ತದೆ. ಗಡಸು ನೀರಿಗೆ ಗಸಿ ಕಟ್ಟುವುದಿಲ್ಲ. ಅರಿಶಿನವೇ ಇಲ್ಲದ ಬರಿ ಕಡಲೆ ಹಿಟ್ಟು ಹಚ್ಚಿ ತೊಳೆದ ಮುಖ ನುಣುಪಾಗಿ ಕಾಣುವುದು ಇದರಿಂದ.

ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಬೀಸಿದ ದಿನ ಮನೆಗೆ ಬಂದು ಮುಖಕ್ಕೆ ಲೇಪ ಹಚ್ಚಿ ‘ದೂಳು ಎಳೆಯಲಿ’ ಎನ್ನುವವರಿದ್ದಾರೆ. ಗಣಿಯ ಆ ನುಣ್ಣನೆಯ ಪುಡಿ ಚರ್ಮದ ಮೇಲೆ ಕೂತಿರುತ್ತದೆಯೇ ಹೊರತು ಒಳಗೆ ಇಳಿದಿರುವುದಿಲ್ಲ. ಧಾರಾಳವಾಗಿ ನೀರು ಹಾಕಿದರೆ ಹೋಗುತ್ತದೆ. ಅದರ ಮೇಲೆ ಹಿಟ್ಟು ಹಾಕಿ ತಿಕ್ಕಿದರೆ ಎರಡು ಬಗೆಯ ತರಿ ಸೇರಿದಂತಾಯಿತು. ವಿಷ ಹೀರುತ್ತೇವೆ ಎನ್ನುವ ಟ್ಯೂಬಿನ ಮಾತಿಗೂ ಇದೇ ಉತ್ತರ.

ಹಾಗಾದರೆ ಅರಿಶಿನದಿಂದ ಏನೂ ಇಲ್ಲವೇ? ಇದೆ, ಆದರೆ ಬೇರೆ ರೂಪದಲ್ಲಿ. ಪ್ರಯೋಗಾಲಯದಲ್ಲಿ ಕರ್ಕ್ಯುಮಿನ್ ಉರಿಯೂತ ತಗ್ಗಿಸುವುದು, ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದು ಕಂಡಿದೆ. ಚರ್ಮದ ಮೇಲೆ ಅರಿಶಿನದ ಪರಿಣಾಮ ಕುರಿತ 18 ಅಧ್ಯಯನಗಳನ್ನು 2016ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಹತ್ತರಲ್ಲಿ ಗಮನಾರ್ಹ ಸುಧಾರಣೆ ಕಾಣಿಸಿತ್ತು. ಆದರೆ ಆ 18ರಲ್ಲಿ ಅರ್ಧದಷ್ಟು ಅರಿಶಿನವನ್ನು ನುಂಗಿಸಿ ನೋಡಿದವು, ಉಳಿದವು ಸಾರ ಸೇರಿಸಿದ ಕ್ರೀಮು, ಜೆಲ್‌ಗಳಂಥವನ್ನು ಹಚ್ಚಿ ನೋಡಿದವು. ವಾರಕ್ಕೊಮ್ಮೆ ಹತ್ತು ನಿಮಿಷ ನೀರಿನಲ್ಲಿ ಕಲಸಿ ಹಚ್ಚಿ ತೊಳೆಯುವ ಲೇಪಕ್ಕೆ ಆ ಫಲವನ್ನು ಆರೋಪಿಸಲಾಗದು, ಟ್ಯೂಬಿನ ಲೇಪಕ್ಕೂ ಅಷ್ಟೆ. ಇನ್ನು ಬಿಳುಪು. ಚರ್ಮದ ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಹಿಟ್ಟೂ ಮಣ್ಣೂ ಮುಟ್ಟದ ಆಳದಲ್ಲಿ. ಲೇಪ ತೊಳೆದ ಕೂಡಲೇ ಕಾಣುವ ಕಳೆ ಜಿಡ್ಡು ಹೋಗಿ, ಸತ್ತ ಕೋಶ ಉದುರಿ, ನೀರು ಹೀರಿದ ಮೇಲ್ಪದರ ಬೆಳಕನ್ನು ಸಮನಾಗಿ ಹಿಂದಿರುಗಿಸುವುದರಿಂದ ಬರುತ್ತದೆ. ಅರಿಶಿನದ ತೆಳು ಹಳದಿ ಅದಕ್ಕೆ ಸ್ವಲ್ಪ ಹೊಂಬಣ್ಣ ಸೇರಿಸುತ್ತದೆ. ಮರುದಿನ ಸಂಜೆಗೆ ಎಲ್ಲ ಮೊದಲಿನಂತೆಯೇ. ಇದೂ ಒಂದು ಸುಖವೇ, ಬೇಡವೆನ್ನುವುದಿಲ್ಲ. ಒಂದು ಚಮಚ ಕಡಲೆ ಹಿಟ್ಟಿಗೆ ಒಂದು ರೂಪಾಯಿ ಆಸುಪಾಸು ಖರ್ಚಾಗುವುದರಿಂದ ಅದು ದುಬಾರಿ ಸುಖವೂ ಅಲ್ಲ.

ನನ್ನನ್ನು ಕೇಳಿದರೆ ಕಲಸುವ ಬಗೆ ಇದು. ಕಡಲೆಬೇಳೆಯನ್ನು ಮನೆಯ ಮಿಕ್ಸಿಯಲ್ಲಿ ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು ಒಂದು ಊಟದ ಚಮಚ. ಒಣ ಚರ್ಮದವರಿಗೆ ಹಾಲು, ಎಣ್ಣೆ ಚರ್ಮದವರಿಗೆ ಮೊಸರು, ಎರಡು ಚಮಚದಷ್ಟು. ಒಣ ಚರ್ಮದವರು ನಾಲ್ಕು ಹನಿ ಎಳ್ಳೆಣ್ಣೆಯನ್ನೂ ಸೇರಿಸಬಹುದು. ಅರಿಶಿನ ಬೇಕೆನಿಸಿದರೆ ಕಸ್ತೂರಿಯದು ಒಂದು ಚಿಟಿಕೆ, ಬೇಡವಾದರೆ ಏನೂ ಕಳೆದುಕೊಳ್ಳುವುದಿಲ್ಲ. ಹೊಸದಾಗಿ ಶುರು ಮಾಡುವವರು ಮೊದಲು ಮೊಣಕೈ ಒಳಮಗ್ಗುಲಿಗೆ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಬೇಕು. ಟ್ಯೂಬಿನದಕ್ಕೂ ಇದೇ ನಿಯಮ. ಮೊಡವೆ ಕೀವಾಗಿರುವ ಮುಖಕ್ಕೆ ಎರಡೂ ಬೇಡ. ಬೆಳಗಿನ ರೈಲು ಹಿಡಿಯುವವರು, ಲೇಪ ಕಲಸುವ ವ್ಯವಧಾನ ಇಲ್ಲದವರು ಟ್ಯೂಬನ್ನೇ ಕೊಳ್ಳಬಹುದು. ಪಟ್ಟಿಯಲ್ಲಿ ಸುಗಂಧ ಇಲ್ಲದ, ಬಣ್ಣದ ಸಂಖ್ಯೆ ಇಲ್ಲದ, ಮಣ್ಣು, ಗ್ಲಿಸರಿನ್ ಮುಂದಿರುವ ಸಪ್ಪೆ ಟ್ಯೂಬ್ ಸಿಕ್ಕರೆ ಅದೇ ಒಳ್ಳೆಯದು. ಅದರ ಮೇಲೆ ಅರಿಶಿನದ ಚಿತ್ರ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವಿಲ್ಲ.

ಬೂದು ಕಪ್ಪು ಹರಡುತ್ತಿರುವವರು, ರೆಪ್ಪೆ ಊದಿದವರು ಲೇಪ ಬದಲಿಸುವುದನ್ನು ಬಿಟ್ಟು ಚರ್ಮವೈದ್ಯರಲ್ಲಿಗೆ ಹೋಗಿ. ಕೋಲಾರದ ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ಹೋಗುವಾಗ ನೀವು ಹಚ್ಚುತ್ತಿದ್ದ ಟ್ಯೂಬನ್ನೂ ಮನೆಯ ಅರಿಶಿನಪುಡಿಯ ಒಂದು ಪೊಟ್ಟಣವನ್ನೂ ಕುಂಕುಮದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಮದುವೆ ಗೊತ್ತಾಗಿರುವ ಮನೆಯವರಿಗೆ ಇನ್ನೊಂದು ಮಾತು. ಶಾಸ್ತ್ರಕ್ಕೆ ಅರಿಶಿನ ಹಚ್ಚಿ, ಎಣ್ಣೆಯ ಜೊತೆಗೇ ಹಚ್ಚಿ. ಆದರೆ ಮದುವೆಗೆ ಹದಿನೈದು ದಿನ ಉಳಿದ ಮೇಲೆ ಮನೆಯದಾಗಲಿ ಅಂಗಡಿಯದಾಗಲಿ ಹೊಸ ಲೇಪವನ್ನು ಹುಡುಗಿಯ ಮುಖಕ್ಕೆ ತಾಗಿಸಬೇಡಿ.